ಸಿಟ್ಟು ಆರಲು ಹೊತ್ತಿತ್ತಾ?

“ಕಾರವಾರದ ಬೈತಖೋಲ್ ಬಂದರಿನಲ್ಲಿ ಬೈಸಿಕೊಂಡವನು ಮನೆಗೆ ಹೋಗಿ ಕತ್ತಿ ತಂದು ಕೊಂದರೆ, ಸಿಟ್ಟಿನ ಭರ ಅಂತ ಕೊಲೆ ಕೇಸು ಇಳಿಯುತ್ತಾ?”

ಕಷ್ಟ ಸರ್. ಮನೆಗೆ ಹೋಗಿ ಬಂದದ್ದೇ ತೊಡಕು. 1961ರ ನಾನಾವತಿ ತೀರ್ಪು ನೋಡಿ. ನಾನಾವತಿ ನೌಕಾಪಡೆಯ ಅಧಿಕಾರಿ. ಪರಸಂಬಂಧದ ವಿಷಯವನ್ನು ಹೆಂಡತಿಯ ಬಾಯಿಂದಲೇ ಕೇಳಿದರು. ಆಮೇಲೆ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು, ಹಡಗಿನಿಂದ ರಿವಾಲ್ವರ್ ತಂದು ಅವಳ ಪ್ರಿಯಕರನಿಗೆ ಗುಂಡು ಹೊಡೆದರು. ನಡುವೆ ಸುಮಾರು 3 ಗಂಟೆ. ಸಿಟ್ಟು ಆರಲು ಅಷ್ಟು ಹೊತ್ತು ಸಾಕು ಎಂದ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನೇ ಎತ್ತಿಹಿಡಿಯಿತು.

ಕೋರ್ಟ್ ಅಳೆಯುವುದು ಆರೋಪಿಯ ಮೂಗಿನ ತುದಿಯ ಕೋಪವನ್ನಲ್ಲ. ಇವನಂಥದೇ ಬದುಕಿನ ಸಾಮಾನ್ಯ ಮನುಷ್ಯ ಆ ಜಾಗದಲ್ಲಿದ್ದರೆ ಹಿಡಿತ ತಪ್ಪುತ್ತಿದ್ದನಾ ಎಂದು ನೋಡುತ್ತದೆ. ಬಂದರಿನಲ್ಲೇ ಕೈಗೆ ಸಿಕ್ಕ ದೋಣಿಯ ಹುಟ್ಟಿನಿಂದ ಹೊಡೆದಿದ್ದರೆ ವಾದಕ್ಕಾದರೂ ಜಾಗ ಇತ್ತು. ಆಗಲೂ ಬಿಡುಗಡೆಯಲ್ಲ, ಕೊಲೆಯಲ್ಲದ ನರಹತ್ಯೆಗೆ ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಮಿನ ಶಿಕ್ಷೆ ಉಂಟು.