ಮೂರನೇ ಮೇಲ್ ಮಾತ್ರ ತೋರಿಸಿದರೆ ಹೇಗೆ?

*ಆಫೀಸ್ ಮೇಲ್ ಮರ್ಯಾದೆಯಿಂದ ಬರೆಯೋದು ಹೇಗೆ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾರೊಸೆಲ್ ಹಾಕುತ್ತೇನೆ. ಮೊದಲ ಸ್ಲೈಡಿನಲ್ಲಿ ಒರಟು ಮೇಲ್, ಮುಂದಿನದರಲ್ಲಿ ತಿದ್ದಿದ್ದು. ಹೋದ ವಾರ ನಮ್ಮ ಅಕೌಂಟ್ಸ್ ಸರ್ ಸೇಲ್ಸ್‌ನವರಿಗೆ ಬರೆದದ್ದನ್ನು ಹಾಕಿದೆ. ಹೆಸರು ಅಳಿಸಿದ್ದೆ. ಅವರ ಮೊದಲಿನ ಎರಡು ಮೇಲ್ ಮೆತ್ತಗೇ ಇದ್ದವು, ಅದು ಬೇರೆ ವಿಷಯ. ಈಗ ಅವರು ನನ್ನ ಜೊತೆ ಮಾತೇ ಆಡುತ್ತಿಲ್ಲ. ಎರಡೂ ಸ್ಲೈಡ್ ಕಳಿಸಿದ್ದೇನೆ. ನನ್ನದೇನು ತಪ್ಪು?*
— ಓದುಗಿ, ಬೆಂಗಳೂರು

ಅದು ಬೇರೆ ವಿಷಯ ಅಲ್ಲ ಕಣಮ್ಮಾ, ವಿಷಯವೇ ಅದು. ಎರಡು ಸಲ ಮೆತ್ತಗೆ ಕೇಳಿ ಉತ್ತರ ಸಿಗದವರು ಮೂರನೇ ಸಲ "ಇನ್‌ವಾಯ್ಸ್ ಇನ್ನೂ ಬಂದಿಲ್ಲ. ಇವತ್ತು 4 ಗಂಟೆಯೊಳಗೆ ಕಳಿಸಿ" ಅಂತ ಬರೆದರು. ನೀವು ಆ ಮೂರನೆಯದನ್ನು ಮಾತ್ರ ಎತ್ತಿ ಒರಟು ಅಂತ ಹಣೆಪಟ್ಟಿ ಹಚ್ಚಿದಿರಿ. ಎರಡು ಮೇಲ್ ನುಂಗಿಕೊಂಡು ಕೂತ ಸೇಲ್ಸ್‌ನವರ ಬಗ್ಗೆ ಯಾವ ಸ್ಲೈಡೂ ಇಲ್ಲ. ನನ್ನ ಸಿಟ್ಟು ಅವರ ಮೇಲೆಯೇ ಜಾಸ್ತಿ. ಉತ್ತರ ಕೊಡದೆ ಇರೋದಕ್ಕಿಂತ ದೊಡ್ಡ ಒರಟುತನ ಆಫೀಸಿನಲ್ಲಿ ಇಲ್ಲ ಅಂತ ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ.

ಹೆಸರು ಅಳಿಸಿದರೂ ನಿಮ್ಮ ಆಫೀಸಿನವರಿಗೆ ಯಾರ ಮೇಲ್ ಅಂತ ಗೊತ್ತಾಗದೆ ಇರುತ್ತದೆಯೇ? ಮೇಲಾಗಿ ಜನ ಎಲ್ಲ ಸ್ಲೈಡ್ ಸರಿಸಿ ನೋಡುವುದಿಲ್ಲ. ಮೊದಲನೆಯದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ.

ಈಗ ನೀವು ತಿದ್ದಿದ್ದು ನೋಡೋಣ: "ತಾವು ಬಿಜಿ ಇದ್ದೀರಿ ಅಂತ ಗೊತ್ತು. ಸಮಯ ಸಿಕ್ಕಾಗ ಇನ್‌ವಾಯ್ಸ್ ಕಳಿಸಿದರೆ ಉಪಕಾರವಾಗುತ್ತದೆ." ಗಡುವು ಎಲ್ಲಿ ಹೋಯಿತು? ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕಂಪನಿಗೆ ಮಾರಾಟದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1ರ ಕೊನೇ ದಿನ ಮುಂದಿನ ತಿಂಗಳ 11. ಅದರಲ್ಲಿ ಸೇರದ ಬಿಲ್ಲು 14ಕ್ಕೆ ತಯಾರಾಗುವ ಗ್ರಾಹಕರ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ. ಅವರಿಗೆ ಆ ತಿಂಗಳ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ತಪ್ಪುತ್ತದೆ. ಆಮೇಲೆ ಫೋನ್ ಬರೋದು ಯಾರಿಗೆ? ಅದೇ ಅಕೌಂಟ್ಸ್ ಸರ್‌ಗೆ. "ಸಮಯ ಸಿಕ್ಕಾಗ" ಅಂದರೆ ಸೇಲ್ಸ್‌ನವರಿಗೆ 20ನೇ ತಾರೀಕಿಗೂ ಸಮಯ ಸಿಗಲ್ಲ, ಅಲ್ವಾ?

ಹೀಗೆ ಬರೆಯಬಹುದಿತ್ತು: "ನಮಸ್ಕಾರ. ಹೋದ ತಿಂಗಳ ಮೂರು ಇನ್‌ವಾಯ್ಸ್ ಬರಬೇಕು, ನಂಬರ್ ಕೆಳಗಿವೆ. ನಾಳೆ 11ನೇ ತಾರೀಕು, ರಿಟರ್ನ್ ಹಾಕಬೇಕು. ಇವತ್ತು 4ರೊಳಗೆ ಕಳಿಸಿಕೊಡಿ. ತಪ್ಪಿದರೆ ಗ್ರಾಹಕರಿಗೆ ಈ ತಿಂಗಳ ಕ್ರೆಡಿಟ್ ಸಿಗುವುದಿಲ್ಲ. ಯಾವುದಾದರೂ ಸಿಗದಿದ್ದರೆ ಈಗಲೇ ಫೋನ್ ಮಾಡಿ." ಗಂಟೆ ಬದಲಾಗಿಲ್ಲ. ಕಾರಣ ಸೇರಿತು, ಯಾವ ಬಿಲ್ಲು ಅಂತ ಹುಡುಕುವ ಕೆಲಸ ತಪ್ಪಿತು. ಉಪಕಾರ ಗಿಪಕಾರ ಏನೂ ಬೇಕಾಗಲಿಲ್ಲ.

ಮುಂದೆ ಕ್ಯಾರೊಸೆಲ್ ಮಾಡುವಾಗ ಒರಟು ಮೇಲನ್ನು ನೀವೇ ಕಟ್ಟಿ ಬರೆಯಿರಿ. ಆಫೀಸಿನೊಳಗಿನ ಮೇಲ್ ಹೊರಗೆ ಹಾಕಿದ್ದು ಎಚ್‌ಆರ್ ಕಣ್ಣಿಗೆ ಬಿದ್ದರೆ ಅದೇ ಬೇರೆ ರಗಳೆ.

ಸದ್ಯಕ್ಕೆ ಮಾಡಬೇಕಾದ್ದು ಒಂದೇ: ಆ ಪೋಸ್ಟನ್ನು ಇವತ್ತೇ ತೆಗೆಯಿರಿ. ತೆಗೆದ ಮೇಲೆ ಅವರ ಸೀಟಿನ ಹತ್ತಿರ ಹೋಗಿ, "ಸರ್, ತಪ್ಪಾಯಿತು, ತೆಗೆದಿದ್ದೇನೆ" ಅನ್ನಿ. ಮೇಲ್ ಮಾಡಬೇಡಿ.