ಏಳು ದಿನ ಉಚಿತ ಎಂದಿರುವಲ್ಲಿ ರದ್ದು ಮಾಡಬೇಕಾದದ್ದು ಯಾವಾಗ?

“ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡೆ, ತೆರೆದ ಕೂಡಲೇ ಈ ಪುಟ ಬಂತು. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಏಳು ದಿನ ಫ್ರೀ ಅಂತಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಇದೆ. ಏಳನೇ ದಿನ ಕ್ಯಾನ್ಸಲ್ ಮಾಡಿದರೆ ದುಡ್ಡು ಹೋಗಲ್ಲ ಅಲ್ವಾ?”

ಹೋಗುವ ಸಾಧ್ಯತೆ ಇದೆ. ಐದನೆಯ ದಿನವೇ ರದ್ದು ಮಾಡುವುದು ಕ್ಷೇಮ. ನಿಮ್ಮ ಚಿತ್ರದ ತಳಭಾಗದಲ್ಲಿರುವ ಸಣ್ಣ ಅಕ್ಷರಗಳಲ್ಲಿ ಆ್ಯಪಲ್ ಖಾತೆಯ ಪ್ರಸ್ತಾಪ ಇರುವುದರಿಂದ ಇದು ಐಫೋನಿನ ಪುಟವೆಂದು ತಿಳಿದು ಬರೆಯುತ್ತಿದ್ದೇನೆ.

ಅಲ್ಲಿರುವ ಮುಖ್ಯ ವಾಕ್ಯದ ತಾತ್ಪರ್ಯ ಇಷ್ಟು: ಚಾಲ್ತಿಯಲ್ಲಿರುವ ಅವಧಿ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ರದ್ದು ಮಾಡದಿದ್ದರೆ ಚಂದಾ ತಾನಾಗಿಯೇ ನವೀಕರಣವಾಗುತ್ತದೆ. ಅದರ ಮುಂದಿನ ವಾಕ್ಯವನ್ನು ಬಹಳ ಜನ ಓದುವುದೇ ಇಲ್ಲ. ನವೀಕರಣದ ಹಣವನ್ನು ಅವಧಿ ಮುಗಿಯುವ ಮೊದಲಿನ 24 ಗಂಟೆಗಳೊಳಗೆ ಕಡಿತ ಮಾಡಲಾಗುತ್ತದೆ ಎಂದು ಅದು ಹೇಳುತ್ತದೆ. ಅಂದರೆ ಉಚಿತ ಅವಧಿ ಪೂರ್ತಿ ಮುಗಿದ ಮೇಲೆ ಹಣ ಕೇಳುತ್ತಾರೆ ಎಂಬ ನಮ್ಮ ಎಣಿಕೆಯೇ ಸರಿಯಲ್ಲ. ಕೊನೆಯ ದಿನ ನೀವು ಆ್ಯಪನ್ನು ಉಚಿತವಾಗಿ ಬಳಸುತ್ತಿರುವಾಗಲೇ ಮುಂದಿನ ಅವಧಿಯ ಹಣ ಹೋಗಿರಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ನೀವು ಹತ್ತನೇ ತಾರೀಖು ರಾತ್ರಿ 8.40ಕ್ಕೆ ಒಪ್ಪಿಗೆಯ ಗುಂಡಿ ಒತ್ತಿದಿರಿ ಎಂದಿಟ್ಟುಕೊಳ್ಳಿ. ಏಳು ದಿನ ಮುಗಿಯುವುದು ಹದಿನೇಳನೇ ತಾರೀಖು ರಾತ್ರಿ 8.40ಕ್ಕೆ. ಅದಕ್ಕಿಂತ 24 ಗಂಟೆ ಹಿಂದೆ ಎಂದರೆ ಹದಿನಾರರ ರಾತ್ರಿ 8.40. ಹತ್ತನೇ ತಾರೀಖನ್ನು ಮೊದಲ ದಿನವೆಂದು ಎಣಿಸುವವರಿಗೆ ಹದಿನಾರು ಏಳನೆಯ ದಿನವಾಗುತ್ತದೆ, ಹನ್ನೊಂದರಿಂದ ಎಣಿಸುವವರಿಗೆ ಹದಿನೇಳು ಏಳನೆಯ ದಿನವಾಗುತ್ತದೆ. ಮೊದಲನೆಯವರು ಆ ದಿನ ಸಂಜೆಯೊಳಗೆ ರದ್ದು ಮಾಡಿದರೆ ಕೂದಲೆಳೆಯಲ್ಲಿ ಪಾರಾಗುತ್ತಾರೆ. ಎರಡನೆಯವರು ಹದಿನೇಳರ ಬೆಳಿಗ್ಗೆ ರದ್ದು ಮಾಡಲು ಹೋಗುವಷ್ಟರಲ್ಲಿ ಒಂದು ವರ್ಷದ ಹಣ ಕಡಿತವಾಗಿರಬಹುದು. ಫೋನಿನ ಚಂದಾ ಪಟ್ಟಿಯಲ್ಲಿ ತಾರೀಖು ಮಾತ್ರ ಕಾಣುತ್ತದೆ, ಗಂಟೆ ಕಾಣುವುದಿಲ್ಲ. ಆದ್ದರಿಂದ ಅಲ್ಲಿ ಹದಿನೇಳು ಎಂದಿದ್ದರೆ ಹದಿನೈದಕ್ಕೇ ಕೆಲಸ ಮುಗಿಸಿಬಿಡಿ ಎನ್ನುವುದು ನನ್ನ ಸಲಹೆ.

ಒಂದು ವರ್ಷದ ಹಣ ಎಂದು ಬರೆದದ್ದಕ್ಕೆ ಕಾರಣವಿದೆ. ನಿಮ್ಮ ಚಿತ್ರದಲ್ಲಿ ದಪ್ಪಕ್ಷರದಲ್ಲಿರುವುದು ತಿಂಗಳ ಮೊತ್ತ. ಆದರೆ ಅದರ ಕೆಳಗೆ ತಿಳಿ ಬೂದು ಬಣ್ಣದಲ್ಲಿ “billed annually” ಎಂದಿದೆ. ತಿಂಗಳಿಗಿಷ್ಟು ಎಂಬುದು ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತೋರಿಸಿದ ಸಂಖ್ಯೆಯಷ್ಟೇ. ಹಣ ಹೋಗುವಾಗ ಹನ್ನೆರಡು ತಿಂಗಳದ್ದೂ ಒಟ್ಟಿಗೆ ಹೋಗುತ್ತದೆ. ಇದನ್ನು ಮೋಸವೆಂದು ಕರೆಯಲಾರೆ, ಏಕೆಂದರೆ ಬರೆದಂತೂ ಇದೆ. ಆದರೆ ಅಕ್ಷರದ ಗಾತ್ರವನ್ನೂ ಬಣ್ಣವನ್ನೂ ಯಾರೋ ಯೋಚಿಸಿಯೇ ಆರಿಸಿದ್ದಾರೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಒಪ್ಪಿಗೆ ಕೊಡುವ ಮುನ್ನ ಆ್ಯಪಿನ ಪುಟವನ್ನಲ್ಲ, ನಂತರ ಕೆಳಗಿನಿಂದ ಮೇಲೇಳುವ ಆ್ಯಪಲ್‌ನ ಪಾವತಿ ಹಾಳೆಯನ್ನು ಓದಬೇಕು ಎಂದು ಮೇಲೆ ಒಬ್ಬ ಸದಸ್ಯರು ಬರೆದಿರುವುದು ಈ ಚರ್ಚೆಯಲ್ಲೇ ಅತ್ಯಂತ ಉಪಯುಕ್ತವಾದ ಮಾತು. ಪುಟದ ವಿನ್ಯಾಸ ಆ್ಯಪ್ ಮಾಡಿದವರದು. ಪಾವತಿ ಹಾಳೆ ಆ್ಯಪಲ್‌ನದು. ಉಚಿತ ಅವಧಿ ಎಷ್ಟು, ಯಾವ ತಾರೀಖಿನಿಂದ ಎಷ್ಟು ಹಣ, ತಿಂಗಳಿಗೋ ವರ್ಷಕ್ಕೋ ಎಂಬುದನ್ನೆಲ್ಲ ಅಲ್ಲಿ ಅಲಂಕಾರವಿಲ್ಲದೆ ಬರೆದಿರುತ್ತಾರೆ. ಉಚಿತ ಅವಧಿಯ ಉಲ್ಲೇಖ ಆ ಹಾಳೆಯಲ್ಲಿ ಇಲ್ಲದಿದ್ದರೆ ಉಚಿತ ಅವಧಿ ಇಲ್ಲವೆಂದೇ ತಿಳಿದು ಅಲ್ಲಿಂದ ಹಿಂದೆ ಸರಿಯಿರಿ. ಹಿಂದೊಮ್ಮೆ ಅದೇ ಆ್ಯಪಿನ ಉಚಿತ ಅವಧಿಯನ್ನು ಅದೇ ಖಾತೆಯಲ್ಲಿ ಬಳಸಿ ಮುಗಿಸಿದವರಿಗೆ ಹೀಗಾಗುವುದುಂಟು.

ಆ್ಯಪನ್ನೇ ಫೋನಿನಿಂದ ತೆಗೆದುಹಾಕಿದರೆ ಸಾಕು ಎಂಬ ಉತ್ತರವನ್ನು ದಯವಿಟ್ಟು ಅನುಸರಿಸಬೇಡಿ. ಚಂದಾ ಇರುವುದು ನಿಮ್ಮ ಖಾತೆಯಲ್ಲಿ, ಫೋನಿನ ಪರದೆಯ ಮೇಲಿನ ಚಿಹ್ನೆಯಲ್ಲಿ ಅಲ್ಲ. ಚಿಹ್ನೆ ಹೋದ ಮೇಲೂ ವರ್ಷ ವರ್ಷ ಹಣ ಹೋಗುತ್ತಲೇ ಇರುತ್ತದೆ. ಆಂಡ್ರಾಯ್ಡ್ ಫೋನಿನಲ್ಲೂ ಇದೇ ನಿಯಮ. ರದ್ದು ಮಾಡಲು ಐಫೋನಿನ Settings ತೆರೆದು, ಮೇಲ್ಭಾಗದಲ್ಲಿರುವ ನಿಮ್ಮ ಹೆಸರನ್ನು ಒತ್ತಿ, Subscriptions ಎಂಬಲ್ಲಿಗೆ ಹೋಗಿ, ಆ್ಯಪಿನ ಹೆಸರನ್ನು ಆರಿಸಿ Cancel Subscription ಒತ್ತಬೇಕು. ಆಂಡ್ರಾಯ್ಡ್ ಬಳಸುವವರಿಗೆ ದಾರಿ ಪ್ಲೇ ಸ್ಟೋರ್‌ನಲ್ಲಿದೆ: ಮೂಲೆಯಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿ, Payments & subscriptions, ಅದರೊಳಗೆ Subscriptions. ರದ್ದಾಯಿತೋ ಇಲ್ಲವೋ ಎಂಬುದನ್ನು ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ ನೋಡಿ ತಿಳಿಯಬಹುದು. ಐಫೋನಿನಲ್ಲಿ ರದ್ದಾದ ಮೇಲೆ ತಾರೀಖಿನ ಪಕ್ಕ ನವೀಕರಣದ ಮಾತು ಹೋಗಿ ಮುಕ್ತಾಯದ ಮಾತು ಬಂದಿರುತ್ತದೆ, ರದ್ದು ಮಾಡುವ ಗುಂಡಿಯೂ ಕಾಣುವುದಿಲ್ಲ. “ಗುಂಡಿಯೇ ಇಲ್ಲ, ಏನು ಮಾಡಲಿ” ಎಂದು ಗಾಬರಿಯಾಗುವವರಲ್ಲಿ ಕೆಲವರು ಆಗಲೇ ರದ್ದು ಮಾಡಿ ಮರೆತವರಾಗಿರುತ್ತಾರೆ.

ಇಂದೇ ರದ್ದು ಮಾಡಿದರೂ ಏಳು ದಿನ ಪೂರ್ತಿ ಬಳಸಬಹುದು ಎಂದು ಇನ್ನೊಬ್ಬರು ಹೇಳಿದ್ದಾರೆ. ಅದು ಅರ್ಧ ಸರಿ. ಹಣ ಕೊಟ್ಟ ಅವಧಿಯಲ್ಲಿ ರದ್ದು ಮಾಡಿದರೆ ಆ ಅವಧಿ ಮುಗಿಯುವವರೆಗೆ ಸೌಲಭ್ಯ ಸಾಮಾನ್ಯವಾಗಿ ಉಳಿಯುತ್ತದೆ. ಉಚಿತ ಅವಧಿಯಲ್ಲಿಯೂ ಬಹಳಷ್ಟು ಆ್ಯಪುಗಳು ಹಾಗೆಯೇ ನಡೆದುಕೊಳ್ಳುತ್ತವೆ, ಆದರೆ ರದ್ದು ಮಾಡಿದ ಕ್ಷಣವೇ ಬಾಗಿಲು ಮುಚ್ಚುವ ಚಂದಾಗಳೂ ಇವೆ. ನಿಮ್ಮ ಚಿತ್ರದಲ್ಲಿರುವ ಸಾಲುಗಳಿಂದ ಈ ಆ್ಯಪ್ ಯಾವ ಬಗೆಯದು ಎಂದು ಹೇಳಲಾಗದು. ಮೊದಲ ದಿನವೇ ರದ್ದು ಮಾಡದೆ ಐದನೆಯ ದಿನದವರೆಗೆ ಬಳಸಿ ನೋಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಮರೆವಿನ ಸ್ವಭಾವ ಇದ್ದರೆ ಮಾತ್ರ ಉಚಿತ ದಿನಗಳ ಆಸೆ ಬಿಟ್ಟು ಇಂದೇ ರದ್ದು ಮಾಡಿ.

ಕೊನೆಯ ಸಾಲಿನಲ್ಲಿ “unused portion of a free trial” ಎಂದು ಇರುವುದು ಬೇರೆ ವಿಷಯ. ಉಚಿತ ಅವಧಿ ನಡೆಯುತ್ತಿರುವಾಗಲೇ ನೀವು ಹಣ ಕೊಟ್ಟು ಚಂದಾ ಕೊಂಡರೆ ಉಳಿದ ಉಚಿತ ದಿನಗಳು ಹೋದಂತೆಯೇ, ಅವು ಮುಂದಕ್ಕೆ ಸೇರುವುದಿಲ್ಲ. ನೀವು ಕೊಳ್ಳುವ ಯೋಚನೆಯಲ್ಲೇ ಇಲ್ಲದ್ದರಿಂದ ಅದನ್ನು ಬಿಟ್ಟುಬಿಡಬಹುದು. ಆ ಆ್ಯಪ್ ಎಲೆಯ ರೋಗವನ್ನು ಸರಿಯಾಗಿ ಗುರುತಿಸುತ್ತದೆಯೇ ಎಂದು ನಡುವೆ ಎದ್ದ ಚರ್ಚೆಗೆ ಬೇರೆ ಎಳೆ ತೆರೆದರೆ ಒಳ್ಳೆಯದು. ಇಲ್ಲಿ ಅದು ಪ್ರಶ್ನೆಯಲ್ಲ.

ಆಗಲೇ ಹಣ ಕಡಿತವಾದವರು reportaproblem.apple.com ಎಂಬ ಪುಟದಲ್ಲಿ ಮರುಪಾವತಿ ಕೇಳಬಹುದು. ಕೊಡಲೇಬೇಕೆಂದಿಲ್ಲ, ಕೇಳಿದವರಿಗೆಲ್ಲ ಸಿಗುವುದೂ ಇಲ್ಲ; ತಡಮಾಡದೆ ಕೇಳುವುದಷ್ಟೇ ನಮ್ಮ ಕೈಯಲ್ಲಿರುವುದು. ಮರುಪಾವತಿ ಕೇಳಿದ ಮಾತ್ರಕ್ಕೆ ಚಂದಾ ನಿಂತಿತೆಂದು ಭಾವಿಸದೆ ಪಟ್ಟಿಗೆ ಹೋಗಿ ನೋಡಿ, ಇನ್ನೂ ಚಾಲ್ತಿಯಲ್ಲಿದ್ದರೆ ರದ್ದು ಮಾಡಬೇಕು.

ತಮ್ಮ ಫೋನಿನ ಚಂದಾ ಪಟ್ಟಿಯಲ್ಲಿ ಆ್ಯಪಿನ ಹೆಸರೇ ಇಲ್ಲ, ಆದರೂ ಪ್ರತಿ ತಿಂಗಳು ಹಣ ಹೋಗುತ್ತಿದೆ ಎಂದು ಬರೆದಿರುವ ಸದಸ್ಯರ ಸಂಗತಿ ಇದಕ್ಕಿಂತ ಭಿನ್ನ. ನೀವು ಆ ಕಂಪನಿಯ ಜಾಲತಾಣದಲ್ಲಿ ನೇರವಾಗಿ ಕಾರ್ಡಿನ ವಿವರ ಕೊಟ್ಟಿದ್ದರೆ ರದ್ದು ಮಾಡುವುದೂ ಅದೇ ಜಾಲತಾಣದಲ್ಲಿ ಒಳಗೆ ಹೋಗಿಯೇ. ಫೋನಿನ ಪಟ್ಟಿಯಲ್ಲಿ ಅದು ಬರುವುದಿಲ್ಲ. ಇಲ್ಲವಾದರೆ ಮನೆಯಲ್ಲಿ ಇನ್ನೊಬ್ಬರ ಖಾತೆಯಿಂದಲೋ ನಿಮ್ಮದೇ ಹಳೆಯ ಖಾತೆಯಿಂದಲೋ ಅದು ಶುರುವಾಗಿರಬಹುದು. ಎಲ್ಲ ಮಿಂಚಂಚೆ ವಿಳಾಸಗಳಲ್ಲಿಯೂ ಆ ಆ್ಯಪಿನ ಹೆಸರು ಹಾಕಿ ರಸೀದಿ ಹುಡುಕಿ. ರಸೀದಿ ಯಾವ ವಿಳಾಸಕ್ಕೆ, ಯಾರಿಂದ ಬಂದಿದೆ ಎಂದು ಇಲ್ಲಿ ತಿಳಿಸಿದರೆ ಮುಂದಿನ ದಾರಿ ನೋಡೋಣ. ಕಾರ್ಡಿನ ಸಂಖ್ಯೆ ಇರುವ ಭಾಗವನ್ನು ಮುಚ್ಚಿ ಚಿತ್ರ ಹಾಕಿ.