ಉದ್ಯೋಗ ಮೇಳದಲ್ಲಿ ಕಾರ್ಡ್ ಕೊಟ್ಟವರಿಗೆ ಎಷ್ಟು ದಿನ ಬಿಟ್ಟು ಮೇಲ್ ಹಾಕಬೇಕು?

‘ನಿನ್ನೆ ಹುಬ್ಬಳ್ಳಿಯ ಮೇಳದಲ್ಲಿ ಒಂದು ಕಂಪನಿಯ ಎಂಜಿನಿಯರ್ ಜೊತೆ ಚೆನ್ನಾಗಿ ಮಾತಾಯಿತು. ಕಾರ್ಡ್ ಕೊಟ್ಟು ಮೇಲ್ ಹಾಕು, ರೆಫರ್ ಮಾಡ್ತೀನಿ ಅಂದರು. ಇವತ್ತೇ ಹಾಕಿದರೆ ಗಂಟುಬಿದ್ದ ಹಾಗೆ ಆಗುತ್ತಾ? ನಾಲ್ಕೈದು ದಿನ ಬಿಡಲಾ?’

ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿಬಿಟ್ಟಿದ್ದೀರಾ? ಇಲ್ಲ ಅಂದರೆ ಸದ್ಯಕ್ಕೆ ಹಾಕಬೇಡಿ. ದಿನದ ಲೆಕ್ಕ ಆಮೇಲೆ.

ನಾನು ಗದಗಿನವನು, ಓದಿದ್ದು ಮೆಕ್ಯಾನಿಕಲ್. ಇಂಥದೇ ಒಂದು ಮೇಳದಲ್ಲಿ ನನಗೆ ಸಿಕ್ಕವರೂ ಎಚ್‌ಆರ್ ಅಲ್ಲ, ಟೂಲ್ ರೂಮಿನ ಎಂಜಿನಿಯರ್. ನನ್ನ ಪ್ರಾಜೆಕ್ಟ್ ಡ್ರಿಲ್ ಜಿಗ್, ಅಂದರೆ ತೂತು ಕೊರೆಯುವಾಗ ಬಿಡಿಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ. ಅದನ್ನು ರೆಸ್ಯುಮೆಯಲ್ಲಿ ನೋಡಿ, ‘ಎರಡು ಲೊಕೇಟರ್ ಪಿನ್ ಹಾಕೀಯಲ್ಲಾ, ಒಂದು ದುಂಡಗ, ಒಂದು ಡೈಮಂಡ್ ಯಾಕ? ಎರಡೂ ದುಂಡಗ ಇದ್ರ ಏನಾಕ್ಕಿತ್ತು?’ ಅಂತ ಕೇಳಿದರು. ನಾನು ತಡವರಿಸಿದೆ. ಅವರು ನಕ್ಕು, ‘ಮನಿಗೆ ಹೋಗಿ ವಿಚಾರ ಮಾಡಿ ಮೇಲ್ ಹಾಕಪಾ. ನಾ ರೆಫರ್ ಮಾಡ್ತೀನಿ’ ಅಂದರು.

ಸಂಜೆ ಗದಗಿನ ಬಸ್ ಹತ್ತಿದೆ. ಉತ್ಸಾಹ ತಡೆಯಲಿಲ್ಲ. ಅವರು ಮೇಲ್ ನೋಡುವಷ್ಟರಲ್ಲಿ ನನ್ನ ಅರ್ಜಿಯೂ ಅಲ್ಲಿರಲಿ ಅಂತ ಮೊಬೈಲಿನಲ್ಲೇ ಕಂಪನಿಯ ವೆಬ್‌ಸೈಟ್ ತೆಗೆದು ಎಲ್ಲ ತುಂಬಿದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಸಬ್ಮಿಟ್ ಒತ್ತಿಯೂ ಆಗಿತ್ತು. ಮನೆಗೆ ಹೋಗಿ ಮೇಲ್ ಬರೆದೆ.

ಮೇಲ್ ಚೆನ್ನಾಗಿಯೇ ಇತ್ತು, ಈಗಲೂ ಹಾಗೇ ಅನ್ನುತ್ತೇನೆ. ಪಿನ್ನಿನ ಪ್ರಶ್ನೆಗೆ ಉತ್ತರ ಬರೆದಿದ್ದೆ: ಪಿನ್ ಕೂರುವ ಎರಡು ತೂತುಗಳ ನಡುವಿನ ಅಂತರ ಪ್ರತಿ ಬಿಡಿಭಾಗದಲ್ಲೂ ಕೂದಲಿನಷ್ಟು ಹೆಚ್ಚುಕಡಿಮೆ ಇರುತ್ತದೆ. ಎರಡೂ ಪಿನ್ ದುಂಡಗೆ, ಬಿಗಿಯಾಗಿದ್ದರೆ ಕೆಲವು ಭಾಗ ಕೂರುವುದೇ ಇಲ್ಲ. ಎರಡು ಬದಿ ಸವರಿದ ಡೈಮಂಡ್ ಪಿನ್ ಆ ವ್ಯತ್ಯಾಸಕ್ಕೆ ಜಾಗ ಬಿಡುತ್ತದೆ, ಆದರೆ ಭಾಗ ತಿರುಗದಂತೆ ಹಿಡಿದಿಡುತ್ತದೆ. ಮರುದಿನವೇ ಅವರ ಉತ್ತರ ಬಂತು. ‘ಉತ್ತರ ಬರೋಬ್ಬರಿ ಐತಿ. ಆದ್ರ ನಿನ್ನ ಹೆಸರು ಸಿಸ್ಟಮ್ ಒಳಗ ಮೊದಲ ಐತಿ. ನನ್ನ ರೆಫರಲ್ ತಗೊಳವಲ್ದು.’

ಇದು ಯಾಕೆ ಹೀಗೆ ಅಂತ ನನಗೆ ಗೊತ್ತಾಗಿದ್ದು ನಾನೇ ಕೆಲಸಕ್ಕೆ ಸೇರಿದ ಮೇಲೆ. ರೆಫರ್ ಮಾಡಿದ ಹುಡುಗ ಸೇರಿದರೆ ಎಷ್ಟೋ ಕಂಪನಿಗಳು ನೌಕರನಿಗೆ ಬೋನಸ್ ಕೊಡುತ್ತವೆ. ಹಾಗಾಗಿ ಇವನನ್ನು ಕರೆತಂದವರು ಯಾರು ಅನ್ನುವುದು ಸಾಫ್ಟ್‌ವೇರಿಗೆ ಬೇಕು. ನಿಮ್ಮ ಹೆಸರು ಮೊದಲು ಯಾವ ದಾರಿಯಿಂದ ಬಂತೋ ಅದೇ ಲೆಕ್ಕ. ನೀವಾಗಿಯೇ ಹಾಕಿದ್ದರೆ ನೌಕರನ ರೆಫರಲ್ ಹಿಂದಿನಿಂದ ಅಂಟುವುದಿಲ್ಲ, ಕೆಲವು ಕಡೆ ತಿಂಗಳುಗಟ್ಟಲೆ. ನಾನು ಬೇರೆ ಮೇಲ್ ಐಡಿಯಿಂದ ಮತ್ತೆ ಹಾಕಲು ನೋಡಿದೆ. ಫೋನ್ ನಂಬರ್ ಒಂದೇ ಇತ್ತಲ್ಲ, ಡೂಪ್ಲಿಕೇಟ್ ಅಂತ ಬಂತು. ಸಾವಿರಾರು ಅರ್ಜಿಗಳ ನಡುವೆ ನನ್ನದು ‘ಪರಿಶೀಲನೆಯಲ್ಲಿದೆ’ ಅಂತಲೇ ಇದ್ದು, ಕೊನೆಗೆ ಹುದ್ದೆಯೇ ಮುಚ್ಚಿತು. ಆ ಎಂಜಿನಿಯರ್ ಒಳ್ಳೆಯ ಮನುಷ್ಯ, ಎಚ್‌ಆರ್‌ಗೆ ಹೇಳಿಯೂ ನೋಡಿದರು. ಆಗಲಿಲ್ಲ.

ಎಲ್ಲ ಕಂಪನಿಯಲ್ಲೂ ಹೀಗೆ ಅಂತಲ್ಲ. ಕೆಲವರು ಉಲ್ಟಾ: ನೀವೇ ಮೊದಲು ಹಾಕಿ, ಅರ್ಜಿಯ ನಂಬರ್ ಕಳಿಸಿ ಅನ್ನುತ್ತಾರೆ. ಮೇಳದಲ್ಲೇ ಕೇಳಬೇಕಾಗಿದ್ದ ಮಾತು ಇದು. ನೀವು ಕೇಳಿಲ್ಲ ಅಂತ ಕಾಣುತ್ತದೆ, ಹಾಗಾಗಿ ಮೇಲ್‌ನಲ್ಲಿ ಕೇಳಿ: ‘ಸರ್, ನಾನು ಇನ್ನೂ ಅರ್ಜಿ ಹಾಕಿಲ್ಲ. ನಿಮ್ಮ ರೆಫರಲ್ ಲಿಂಕ್ ಬರುವವರೆಗೆ ಕಾಯಲಾ ಅಥವಾ ಹಾಕಿ ನಂಬರ್ ಕಳಿಸಲಾ?’ ಹುದ್ದೆಯ ಕೋಡ್ ಗೊತ್ತಿದ್ದರೆ ಅದನ್ನೂ ಬರೆಯಿರಿ. ಅದಿಲ್ಲದೆ ಅವರು ಯಾವ ಹುದ್ದೆಗೆ ಅಂತ ರೆಫರ್ ಮಾಡಬೇಕು?

ಇನ್ನು ಗಂಟುಬೀಳುವ ಮಾತು. ನಾಲ್ಕೈದು ದಿನ ಬಿಡುವುದೇ ತಪ್ಪು, ಇವತ್ತೇ ಹಾಕಿ. ಅವರೇ ಕೇಳಿದ್ದಾರೆ, ಇದರಲ್ಲಿ ಸಂಕೋಚ ಎಂಥದ್ದು? ಆ ದಿನ ಅವರ ಮುಂದೆ ನಿಮ್ಮಂಥವರು ನೂರಾರು ಜನ ನಿಂತಿರುತ್ತಾರೆ. ವಾರ ಬಿಟ್ಟರೆ ನಿಮ್ಮ ಮುಖ ಅಷ್ಟೇ ಅಲ್ಲ, ಮಾತೂ ಮರೆತಿರುತ್ತದೆ. ವಿಷಯದ ಸಾಲಿನಲ್ಲಿ ಹೆಸರು, ಮೇಳ, ನೀವು ಮಾತಾಡಿದ ಸಂಗತಿ ಇರಲಿ. ಫೈಲಿಗೆ `Resume_final2.pdf` ಅಂತ ಹೆಸರಿಡಬೇಡಿ, ಅವರ ಕಂಪ್ಯೂಟರಿನಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ‘ನಾನು ಕಷ್ಟಪಟ್ಟು ದುಡಿಯುವ ಹುಡುಗ’ ಅನ್ನುವ ಸಾಲುಗಳೂ ಬೇಡ. ಅವರು ಏನಾದರೂ ಕೇಳಿ ನೀವು ಅರ್ಧಕ್ಕೆ ಬಿಟ್ಟಿದ್ದರೆ, ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ. ಉತ್ತರ ಬರದಿದ್ದರೆ ವಾರದ ನಂತರ ಅದೇ ಮೇಲ್‌ನ ಕೆಳಗೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆಯ ಸಣ್ಣ ವರ್ಕ್‌ಶಾಪಿನವರಾಗಿದ್ದರೆ ಇದೆಲ್ಲ ಬೇಕಿಲ್ಲ. ಅಲ್ಲಿ ಹೆಚ್ಚಾಗಿ ಪೋರ್ಟಲ್ಲೇ ಇರುವುದಿಲ್ಲ. ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಯಾವಾಗ ಬರಲಿ ಅಂತ ಕೇಳಿ, ಹೋಗಿ ನಿಲ್ಲಿ.

ಅರ್ಜಿ ಹಾಕಿಬಿಟ್ಟಿದ್ದೀರಿ ಅಂದರೆ ಮುಚ್ಚಿಡಬೇಡಿ. ಅರ್ಜಿಯ ನಂಬರನ್ನು ಮೇಲ್‌ನ ಮೊದಲ ಸಾಲಿನಲ್ಲೇ ಕೊಡಿ. ರೆಫರಲ್ ಆಗದಿದ್ದರೂ, ಆ ನಂಬರ್ ಹಿಡಿದು ಎಚ್‌ಆರ್ ಹತ್ತಿರ ‘ಇದನ್ನು ಸ್ವಲ್ಪ ನೋಡ್ರಿ’ ಅನ್ನಲಾದರೂ ಅವರಿಗೆ ಬರುತ್ತದೆ.